ಎರಡನೇ ಮನೆಯ ಅಕ್ಷರ

ಸಾತನೂರಿನಿಂದ ಉಯ್ಯಂಬಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಹೊಂಗೆಕಟ್ಟೆ ಅನ್ನುವ ಊರು. ಅಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ಲತಾಮಣಿ. ಬೈರಾಪಟ್ಟಣದ ಹೆಣ್ಣು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಹತ್ತನೇ ತರಗತಿಯ ಮಕ್ಕಳು ಪಾಠದ ಪದಗಳನ್ನು ಬಾಯಿಪಾಠ ಹೊಡೆದು ಮರುದಿನವೇ ಮರೆಯುವುದನ್ನು ನೋಡಿ ನೋಡಿ ಸಾಕಾಗಿ, ಒಂದೊಂದು ಘಟಕ ಮುಗಿದಾಗಲೂ ಅದರ ಪದಗಳಿಂದ ಒಂದು ಪದಬಂಧ ಕಟ್ಟಿ ಕೊಡುವುದನ್ನು ಶುರು ಮಾಡಿದಳು.

ಮೊದಲು ಕಂಪ್ಯೂಟರಿನಲ್ಲಿ ಮಾಡಲು ಹೋದಳು. ಅದು ಇಂಗ್ಲಿಷಿಗೆ ಹುಟ್ಟಿದ್ದು. 'ಪತ್ರರಂಧ್ರ' ಅಂತ ಬರೆದರೆ ತ್ರ ಅನ್ನುವ ಒತ್ತಕ್ಷರವನ್ನು ಕಿತ್ತು ತಕಾರ ಒಂದು ಮನೆಗೆ, ರಕಾರ ಇನ್ನೊಂದು ಮನೆಗೆ ಹಾಕಿ ಕೂತಿತು. ಆಮೇಲೆ ಅವಳು ಗಣಿತದ ಚೌಕುಳಿ ಹಾಳೆ ಹಿಡಿದಳು. ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ. ಎರಡು ಪದ ಅಡ್ಡ ಹಾಯುವ ಕಡೆ ಅಕ್ಷರ ಗುಣಿತ ಸಮೇತ ಒಂದೇ ಆಗಿರಬೇಕು. 'ತ' ಇರುವ ಕಡೆ 'ತಿ' ಕೂರುವುದಿಲ್ಲ. ಹೀಗೆ ಹುಡುಕಿ ಹೊಂದಿಸುವುದು ಹೆಣೆಯುವ ಕೆಲಸದ ಹಾಗೆ. ಅವಳಿಗೆ ಅದರ ಹುಚ್ಚೇ ಹಿಡಿಯಿತು.

ಮಕ್ಕಳಿಗೂ ಹಿಡಿಯಿತು. ಅದರಲ್ಲೂ ಮುತ್ತುರಾಜು ಅನ್ನುವ ಹುಡುಗ, ಹಾಳೆ ಕೈಗೆ ಬಂದ ಕೂಡಲೇ ಬಗ್ಗಿದರೆ, ಉಳಿದವರು ಅರ್ಧ ಮುಗಿಸುವಷ್ಟರಲ್ಲಿ ಕೈ ಎತ್ತಿಬಿಡುತ್ತಿದ್ದ. ಮುಖ್ಯೋಪಾಧ್ಯಾಯರಾದ ಪುಟ್ಟಸ್ವಾಮಿಯವರಿಗೆ ಹಿಗ್ಗೋ ಹಿಗ್ಗು. ತಾಲ್ಲೂಕು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಬಂದು, ಅವಳನ್ನು ಕರೆದರು. "ಕನಕಪುರದ ಬಿಇಒ ಆಫೀಸಿಂದ ಮಧುಕುಮಾರ್ ಸಾಹೇಬ್ರು ಸೋಮವಾರ ನೋಡಕ್ಕೆ ಬತ್ತಾವ್ರೆ ಮಿಸ್. 'ಜೀವ ಕ್ರಿಯೆಗಳು' ಪಾಠದ್ದು ಇಟ್ಕೊಳಿ. ಶುಕ್ರವಾರವೇ ಒಂದು ಸಲ ಟ್ರಯಲ್ ನೋಡ್ಬುಡಿ."

ಲತಾಮಣಿ ಅಂದಿನಿಂದ ಒಂದು ಕಡೆ ನಿಂತವಳಲ್ಲ. ಊಟದ ತಟ್ಟೆಯ ಪಕ್ಕದಲ್ಲೂ ಚೌಕುಳಿ ಹಾಳೆ. ಇಪ್ಪತ್ತು ಪದದ ಪದಬಂಧ ಮುಗಿದು, ಅಚ್ಚಿಗೆ ಕೊಡುವ ಹೊತ್ತಿಗೆ ಒಂದು ಮೂಲೆ ಇಕ್ಕಟ್ಟು ಅನ್ನಿಸಿ 'ಲೋಮನಾಳ'ವನ್ನು ಕೆಳಗೆ ಸರಿಸಿದಳು. ಒಂದು ಪದ ಸರಿದರೆ ಅದರ ಹಿಂದಿನ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಗಡಿಬಿಡಿಯಲ್ಲೇ ಸುಳಿವುಗಳಿಗೆ ಹೊಸ ಸಂಖ್ಯೆ ಕೊಟ್ಟು, ಸಾತನೂರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದಳು.

ಶುಕ್ರವಾರ ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ತರಗತಿ ತುಂಬ ಪೆನ್ಸಿಲ್ ಹರಿದಾಡಿತು. ಒಬ್ಬಳನ್ನು ಬಿಟ್ಟು ಎಲ್ಲರದೂ ತುಂಬಿತ್ತು. ಆ ಒಬ್ಬಳು ಸಿಂಧು. ಕುರಿ ಸಾಕುವ ಬೀರಲಿಂಗಯ್ಯನ ಮಗಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹುಡುಗಿ. ಅವಳ ಹಾಳೆಯಲ್ಲಿ ಎಡದಿಂದ ಬಲಕ್ಕೆ ಹೋಗುವ ಎರಡು ಪದ ಖಾಲಿ. ಒಂದು ಮನೆಯನ್ನಂತೂ ಉಜ್ಜಿ ಉಜ್ಜಿ ತೂತು ಬೀಳುವ ಹಾಗೆ ಮಾಡಿದ್ದಳು.

"ಎಲ್ರಿಗೂ ಬಂದದ್ದು ನಿನಗ್ಯಾಕೆ ಬರ್ಲಿಲ್ಲ?" ಲತಾಮಣಿಯ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಬಾಗಿಲಲ್ಲಿ ಪುಟ್ಟಸ್ವಾಮಿ ನಿಂತಿದ್ದರಲ್ಲ.

"ಕೂರ್ಲಿಲ್ಲ ಮಿಸ್."

"ಏನು ಕೂರ್ಲಿಲ್ಲ?"

"ಪದ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಸ್ವಾಮಿ ಮುಖ ಕಿವುಚಿ, "ಸೋಮವಾರ ಇವಳ್ನ ಹಿಂದುಗಡೆ ಕೂರ್ಸಿ ಮಿಸ್" ಅಂದು ಹೊರಟುಹೋದರು. ಲತಾಮಣಿ ಎರಡೂ ಪದಗಳನ್ನು ಹತ್ತು ಹತ್ತು ಸಲ ಬರೆದುಕೊಂಡು ಬರಲು ಹೇಳಿದಳು. ಸಿಂಧು ತಲೆ ಆಡಿಸಿದಳು, ಅಷ್ಟೆ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹಾಳೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಂಕ ಹಾಕುತ್ತ ಬಂದಳು. ಸಿಂಧುವಿನ ಹಾಳೆ ಬಂದಾಗ ಆ ತೂತನ್ನು ಬೆಳಕಿಗೆ ಹಿಡಿದಳು. ಉಜ್ಜಿದ್ದರ ಅಂಚಿನಲ್ಲಿ ಮಸುಕಾಗಿ 'ಭಿ' ಕಾಣುತ್ತಿತ್ತು. ಅಪಧಮನಿ ಬರೆಯಬೇಕಾದ ಕಡೆ ಅಭಿಧಮನಿ ಬರೆಯಲು ಹೋಗಿದ್ದಾಳೆ, ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ ಅಂದುಕೊಂಡು ಸುಳಿವನ್ನು ಓದಿದಳು.

'ದೇಹದ ಭಾಗಗಳಿಂದ ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳ.'

ಇನ್ನೊಂದು ಸಲ ಓದಿದಳು. ಕೆಳಗಿನ ಇನ್ನೊಂದು ಸುಳಿವು ನೋಡಿದಳು: 'ರಕ್ತವನ್ನು ಹೃದಯದಿಂದ ಹೊರಕ್ಕೆ ಒಯ್ಯುವ ನಾಳ.' ಅಲ್ಲಿರಬೇಕಾದದ್ದು ಇಲ್ಲಿ, ಇಲ್ಲಿರಬೇಕಾದದ್ದು ಅಲ್ಲಿ. ಸಂಖ್ಯೆ ಬದಲಾಯಿಸುವಾಗ ಎರಡು ಸುಳಿವೂ ಅದಲುಬದಲಾಗಿದ್ದವು.

ಮೊದಲು ಅವಳಿಗೆ ಅನ್ನಿಸಿದ್ದು ಹೆದರಿಕೆ. ಸೋಮವಾರ ಈ ಹಾಳೆಯನ್ನೇ ಸಾಹೇಬರ ಕೈಗೆ ಕೊಡುತ್ತಿದ್ದೆನಲ್ಲ! ಒಂದು ಗಳಿಗೆ ಬಿಟ್ಟು ಇನ್ನೊಂದು ಯೋಚನೆ ಬಂತು, ಅದು ಹೆದರಿಕೆಗಿಂತ ಕೆಟ್ಟದ್ದು. ಸುಳಿವು ತಲೆಕೆಳಗಾಗಿದ್ದರೂ ಇಡೀ ತರಗತಿ ಸರಿಯುತ್ತರ ಬರೆದಿದೆ. ಹೇಗೆ?

ಹಾಳೆಗಳನ್ನು ಮತ್ತೆ ತಿರುವಿ ಹಾಕಿದಳು. ಎರಡೂ ಪದಕ್ಕೆ ಐದೈದು ಮನೆ. ಅ, ಧ, ಮ, ನಿ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಎರಡನೇ ಮನೆಯಲ್ಲಿ ಮಾತ್ರ. ಆ ಎರಡನೇ ಮನೆಯಿಂದಲೇ ಕೆಳಕ್ಕೆ ಅವಳು 'ಪತ್ರರಂಧ್ರ'ವನ್ನು ಇಳಿಸಿದ್ದಳು. ಪತ್ರರಂಧ್ರ ಬರೆದವರಿಗೆ 'ಪ' ಪುಕ್ಕಟೆ ಸಿಕ್ಕಿತು. ಒಂದು ಸಿಕ್ಕ ಮೇಲೆ ಇನ್ನೊಂದು ತಾನಾಗೇ. ಯಾರೂ ಸುಳಿವನ್ನು ಓದಿರಲೇ ಇಲ್ಲ. ಓದಿದವಳು ಒಬ್ಬಳೇ. ಅವಳಿಗೆ ಕೊಟ್ಟದ್ದು ಹತ್ತು ಸಲದ ಶಿಕ್ಷೆ.

ಬೈರಾಪಟ್ಟಣದಲ್ಲಿ ಇಳಿದ ಮೇಲೂ ಬಸ್ಸಿನ ಕುಲುಕಾಟ ಮೈಯೊಳಗೇ ಉಳಿದಿತ್ತು.

ಶನಿವಾರ ಬೆಳಗಿನ ಶಾಲೆಗೆ ಸಿಂಧು ಬರಲಿಲ್ಲ. ಲತಾಮಣಿ ಮುತ್ತುರಾಜುವನ್ನು ನಿಲ್ಲಿಸಿ ಕೇಳಿದಳು. "ಅಪಧಮನಿ ಅಂದ್ರೆ ಏನಪ್ಪ?"

"ನಾಳ ಮಿಸ್."

"ಎಲ್ಲಿಂದ ಎಲ್ಲಿಗೆ ಒಯ್ಯುತ್ತೆ?"

ಅವನು ಚಾವಣಿ ನೋಡಿದ, ಗೆಳೆಯನ ಮುಖ ನೋಡಿದ.

"ಹಂಗಾರೆ ನಿನ್ನೆ ಹೆಂಗೆ ಬರೆದೆ?"

"ಪತ್ರರಂಧ್ರದ್ದು ಪ ಬಂದಿತ್ತಲ್ಲ ಮಿಸ್" ಅಂದ ಹುಡುಗ, ಇದೇನು ಕೇಳುವ ಮಾತೇ ಅನ್ನುವ ಹಾಗೆ.

ಪುಟ್ಟಸ್ವಾಮಿಯವರ ಕೊಠಡಿಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ನಕ್ಕುಬಿಟ್ಟರು. "ಅಯ್ಯೋ, ಅಷ್ಟೇನಾ? ಸುಳಿವು ತಿದ್ದಿ ಇನ್ನೊಂದು ದಪ ಜೆರಾಕ್ಸ್ ಮಾಡ್ಸಿ. ಮಕ್ಳಿಗೆ ಉತ್ತರ ಬಂದೈತಲ್ಲ, ಇನ್ನೇನು ಬೇಕು?"

"ಉತ್ತರ ಬಂದಿಲ್ಲ ಸಾರ್. ಅಕ್ಷರ ಬಂದೈತೆ."

"ಸೋಮವಾರ ಕಳೀಲಿ, ಆಮೇಲೆ ನೋಡವ." ಮಾತು ಮುಗಿಯಿತು ಅನ್ನುವಂತೆ ಅವರು ಫೋನು ಎತ್ತಿಕೊಂಡರು.

ಶಾಲೆ ಬಿಟ್ಟ ಮೇಲೆ ಅವಳ ಕಾಲು ಬಸ್ ನಿಲ್ದಾಣದ ಕಡೆ ಹೋಗಲಿಲ್ಲ. ಕೆರೆ ಏರಿಯ ಆಚೆ ಬೀರಲಿಂಗಯ್ಯನ ಮನೆ. ಹಟ್ಟಿಯ ಮುಂದೆ ಸಿಂಧುವಿನ ತಾಯಿ ದಾಸಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮಿಸ್ ಬಂದದ್ದು ಕಂಡು ಸೆರಗಿಗೆ ಕೈ ಒರೆಸಿಕೊಂಡಳು.

"ಬನ್ನಿ ಮಿಸ್ಸಮ್ಮ. ನಮ್ಮುಡುಗಿ ಏನಾದ್ರೂ ಮಾಡುದ್ಲಾ? ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಕೇಳುದ್ರೆ ಬಾಯೇ ಬುಡಾಕಿಲ್ಲ."

"ಅವಳೇನೂ ಮಾಡಿಲ್ಲ ದಾಸಮ್ಮ. ಮಾಡಿದ್ದು ನಾನು."

ದಾಸಮ್ಮನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಸಿಂಧು ಒಳಗಿನಿಂದ ಬಂದಳು, ಕೈಯಲ್ಲಿ ನೋಟ್‌ಬುಕ್ಕು. ಹತ್ತು ಸಲ ಬರೆದದ್ದನ್ನು ತೋರಿಸಲು ಬಿಚ್ಚಿದಳು. ಲತಾಮಣಿ ಅದನ್ನು ಮುಚ್ಚಿ ಕಟ್ಟೆಯ ಮೇಲೆ ಕೂತಳು.

"ನಿನ್ನೆ ಏನು ಕೂರ್ಲಿಲ್ಲ ಅಂತ ಹೇಳವ್ವ. ನಿಧಾನಕ್ಕೆ ಹೇಳು."

ಸಿಂಧು ತಾಯಿಯ ಮುಖ ನೋಡಿ, ನೆಲ ನೋಡಿ, ಹೇಳಿದಳು. "ಹೃದಯಕ್ಕೆ ವಾಪಸ್ ತರೋದು ಅಂತಿತ್ತು. ಅದು ಅಭಿಧಮನಿ ಅಲ್ವಾ ಮಿಸ್? ಭಿ ಬರ್ದೆ. ಬರ್ದ್ರೆ ಪತ್ರರಂಧ್ರ ಕೂರಾಕಿಲ್ಲ. ಪತ್ರರಂಧ್ರ ಸರಿ ಅಂತ ಗೊತ್ತಿತ್ತು, ಎಲೆ ಮೇಲಿನ ತೂತು ಅಂತ ಇತ್ತಲ್ಲ. ಎರಡೂ ಸರಿ, ಎರಡೂ ಒಂದೇ ಮನೇಲಿ ಹೆಂಗೆ ಕೂತಾವು? ಅಳಿಸ್ದೆ, ಬರ್ದೆ, ಅಳಿಸ್ದೆ. ಎಲ್ರೂ ಮುಗಿಸ್ಬುಟ್ಟಿದ್ರು."

"ಸುಳಿವೇ ತಪ್ಪು ಅಂತ ಅನ್ನಿಸ್ಲಿಲ್ವಾ?"

"ನೀವು ಬರ್ದಿದ್ದಲ್ವಾ ಮಿಸ್."

ಲತಾಮಣಿಗೆ ಆ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. "ನಾನು ಬರೆದದ್ದೇ ತಪ್ಪಾಗಿತ್ತು ಕಣವ್ವ. ನೀನೊಬ್ಬಳೇ ಸರಿ. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೆಯೇ ಹೇಳ್ತೀನಿ."

"ಬ್ಯಾಡ ಮಿಸ್" ಅಂದಳು ಹುಡುಗಿ ಗಾಬರಿಯಿಂದ.

"ಯಾಕ್ ಬ್ಯಾಡ?" ಅಂದವಳು ದಾಸಮ್ಮ. "ಹೇಳ್ಲಿ ಬುಡು. ಅನ್ನ ಬುಟ್ಟು ಮನಿಕೊಂಡಿದ್ದು ನೀನಲ್ವಾ?"

ಭಾನುವಾರವೆಲ್ಲ ಲತಾಮಣಿ ಕೂತಲ್ಲಿ ಕೂರಲಿಲ್ಲ. ಸುಳಿವು ತಿದ್ದಿದರೆ ಸೋಮವಾರ ಮಕ್ಕಳು ಪಟಪಟನೆ ತುಂಬುತ್ತಾರೆ, ಸಾಹೇಬರು ಬೆನ್ನು ತಟ್ಟುತ್ತಾರೆ. ತಿದ್ದಿದಳು ಕೂಡ. ತಿದ್ದಿದ್ದನ್ನು ಹರಿದಳು. ಕೊನೆಗೆ ಉತ್ತರಗಳನ್ನೆಲ್ಲ ತುಂಬಿದ ಪದಬಂಧವನ್ನೇ ಬರೆದು, ಕೆಳಗೆ ಸಂಖ್ಯೆಗಳ ಮುಂದೆ ಬರೀ ಗೆರೆ ಎಳೆದಳು.

ಸೋಮವಾರ ತರಗತಿಯ ಹಿಂಬದಿ ಕುರ್ಚಿಯಲ್ಲಿ ಮಧುಕುಮಾರ್ ಸಾಹೇಬರು, ಪಕ್ಕದಲ್ಲಿ ಪುಟ್ಟಸ್ವಾಮಿ. ಲತಾಮಣಿ ಕಪ್ಪು ಹಲಗೆಯ ಮುಂದೆ ನಿಂತು, ಶುಕ್ರವಾರದ ಹಾಳೆಯಲ್ಲಿ ಎರಡು ಸುಳಿವು ಅದಲುಬದಲಾಗಿದ್ದುದನ್ನೂ, ಅದನ್ನು ಹಿಡಿದವಳು ಸಿಂಧು ಒಬ್ಬಳೇ ಎನ್ನುವುದನ್ನೂ, ತಾನು ಅವಳನ್ನು ಸುಮ್ಮನೆ ಬೈದದ್ದನ್ನೂ ಹೇಳಿದಳು. ಪುಟ್ಟಸ್ವಾಮಿಯವರ ಮುಖ ಕೆಂಪೇರಿತು. ಅವಳು ಹೊಸ ಹಾಳೆ ಹಂಚಿ ಮಕ್ಕಳಿಗೆ ಹೇಳಿದಳು. "ಇವತ್ತು ಉತ್ತರ ನಾನೇ ಕೊಟ್ಟಿದ್ದೀನಿ. ಸುಳಿವು ನೀವು ಬರೀರಿ. ಆ ಸುಳಿವಿಗೆ ಬೇರೆ ಯಾವ ಪದವೂ ಉತ್ತರ ಆಗಬಾರದು."

ಪೆನ್ಸಿಲುಗಳು ಹರಿದಾಡಲಿಲ್ಲ. ಮುತ್ತುರಾಜು ಪೆನ್ಸಿಲ್ ಕಚ್ಚುತ್ತ ಕೂತ. ಸಾಹೇಬರು ಎರಡು ಸಲ ಫೋನು ನೋಡಿಕೊಂಡರು. ಕೊನೆಗೆ ಒಬ್ಬೊಬ್ಬರೇ ಓದತೊಡಗಿದರು. ಮುತ್ತುರಾಜು, "ಅಪಧಮನಿ: ಅಕಾರದಿಂದ ಶುರುವಾಗುವ ಐದಕ್ಷರದ ನಾಳ" ಅಂದ.

"ಅಭಿಧಮನಿಗೂ ಐದೇ ಕಣ್ಲಾ!" ಅಂತ ಕಿಟಕಿ ಪಕ್ಕದವನು ಕೂಗಿದ. ತರಗತಿ ನಕ್ಕಿತು. ಮುತ್ತುರಾಜು ಕಿವಿ ಕೆಂಪಾಗಿ, ಗೀಚಿ ಹಾಕಿ, ಮತ್ತೆ ಬರೆದು ನಿಂತ. "ಶುದ್ಧ ರಕ್ತ ಒಯ್ಯುವ ನಾಳ."

"ಅಲ್ಲ" ಅಂದಳು ಸಿಂಧು. ಯಾರೂ ಕೇಳದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಹೃದಯದಿಂದ ಶ್ವಾಸಕೋಶಕ್ಕೆ ಹೋಗೋದೂ ಅಪಧಮನಿನೇ. ಅದರಲ್ಲಿ ಆಕ್ಸಿಜನ್ ಕಮ್ಮಿ ಇರೋ ರಕ್ತ ಐತಲ್ಲ?"

"ಪುಸ್ತಕದಲ್ಲಿ ಎಲ್ಲೈತೆ ತೋರ್ಸು!" ಅಂದ ಮುತ್ತುರಾಜು.

ಅವಳು ತೋರಿಸಿದಳು. ಹೃದಯದ ಚಿತ್ರದ ಮೇಲೆ ನಾಲ್ಕು ತಲೆ ಬಗ್ಗಿದವು. ಹಾಗಾದರೆ ಶ್ವಾಸಕೋಶದಿಂದ ಮರಳಿ ಬರುವ ಅಭಿಧಮನಿಯಲ್ಲಿ ಇರುವುದು ಎಂಥ ರಕ್ತ ಅಂತ ಇನ್ನೊಬ್ಬಳು ಎದ್ದಳು. ಜಗಳ ಹತ್ತಿಕೊಂಡಿತು. ಲತಾಮಣಿ ನಿಲ್ಲಿಸಲು ಕೈ ಎತ್ತಿದವಳು ಹಾಗೇ ಇಳಿಸಿದಳು.

ಸಾಹೇಬರು ಹೊರಡುವಾಗ ಬೆನ್ನು ತಟ್ಟಲಿಲ್ಲ. "ಗದ್ದಲ ಒಸಿ ಜಾಸ್ತಿ ಮೇಡಂ. ಪರೀಕ್ಷೆ ಹತ್ತಿರ ಐತೆ, ಸ್ಪೀಡು ಬೇಕು" ಅಂದು ಜೀಪು ಹತ್ತಿದರು. ಶಾಲೆ ಬಿಡುವ ಹೊತ್ತಿಗೆ ಪುಟ್ಟಸ್ವಾಮಿ ಅವಳನ್ನು ಕೊಠಡಿಗೆ ಕರೆದು, "ನನ್ನ ಮಾನ ತೆಗೆದ್ಬುಟ್ರಲ್ಲ ಮಿಸ್" ಅಂದರು.

"ಮುಂದಿನ ಪಾಠದ್ದು ಹಳೇ ಥರವೇ ಕಟ್ತೀನಿ ಸಾರ್. ಆದ್ರೆ ಗೊಂದಲ ಆಗೋ ಮನೆಗೆ ಇನ್ನೊಂದು ಪದ ಹಾಯ್ಸಲ್ಲ. ಸುಳಿವು ಓದ್ದೆ ಯಾರೂ ತುಂಬಕ್ಕಾಗ್ಬಾರ್ದು."

"ಅಂಕ ಕೆಳಕ್ಕೆ ಬೀಳ್ತವೆ."

"ಬೀಳ್ಲಿ ಸಾರ್. ಪರೀಕ್ಷೆಗೆ ಮುಂಚೆ ಬಿದ್ರೆ ಎದ್ದೇಳಕ್ಕೆ ಟೈಮೈತೆ."

ಅವರು ಮುಂದಿದ್ದ ಫೈಲು ಬಿಚ್ಚಿಕೊಂಡರು. ಲತಾಮಣಿ ಯೋಚಿಸುತ್ತಲೇ ಎದ್ದಳು. ಅಂಕ ನಿಜವಾಗಿ ಬಿದ್ದರೆ? ಪಾಠಕ್ಕೂ ಪದಬಂಧಕ್ಕೂ ವೇಳೆ ಸಾಲದೆ ಹೋದರೆ? ಬಾಗಿಲಿಂದ ಹೊರಬಂದರೆ ಮೈದಾನದಲ್ಲಿ ಮುತ್ತುರಾಜು ಸಿಂಧುವಿನ ದಾರಿಗೆ ಅಡ್ಡ ನಿಂತು, ಪುಸ್ತಕ ಬಿಚ್ಚಿ ಹಿಡಿದು, ಕೈ ಬೀಸಿ ಬೀಸಿ ವಾದಿಸುತ್ತಿದ್ದ. ಅವಳು ಬ್ಯಾಗು ಕೆಳಗಿಟ್ಟು, ಕಡ್ಡಿಯಿಂದ ಮಣ್ಣಿನ ಮೇಲೆ ಹೃದಯದ ನಾಲ್ಕು ಕೋಣೆ ಬರೆಯತೊಡಗಿದಳು.