ಚಿತ್ರದಲ್ಲಿದ್ದ ಎಫ್

ಮೇಷ್ಟ್ರ ಕಣ್ಣು ಮಂಜಾಗುತ್ತಿರುವುದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಪಾಠ ಬಿಡಬೇಕು, ಪಾಠ ಬಿಟ್ಟರೆ ಅವರಿಗೆ ಬದುಕೇ ಇಲ್ಲ. ಹಾಗಾಗಿ ಬೆಳಿಗ್ಗೆ ಕಾಫಿ ಮುಂದಿಟ್ಟುಕೊಂಡು ಹೆಂಡತಿ ಅವತ್ತಿನ ಪಾಠ ಓದುತ್ತಿದ್ದಳು, ಅವರು ಮನಸ್ಸಿಗೆ ಹಾಕಿಕೊಳ್ಳುತ್ತಿದ್ದರು. ಕರಿಹಲಗೆಯ ಮೇಲೆ ಗೆರೆ ಎಳೆಯುವುದು ಕೈಗೆ ಅಭ್ಯಾಸವಾಗಿತ್ತು. ಈ ಆಟ ಒಂದು ವರ್ಷದಿಂದ ಸಲೀಸಾಗಿ ನಡೆದಿತ್ತು.

ಆ ವರ್ಷ ಪುಸ್ತಕ ಹೊಸದು. ಪೀನ ಮಸೂರದ ಲೆಕ್ಕ ಬಂದಾಗ ಅವಳು ಓದಿದ್ದು ಒಂದೇ ಸಾಲು: ಚಿತ್ರದಲ್ಲಿ ತೋರಿಸಿದ ವಸ್ತುವಿನ ಪ್ರತಿಬಿಂಬ ಎಲ್ಲಿ ಮೂಡುತ್ತದೆ? ಸಂಖ್ಯೆಗಳೆಲ್ಲ ಚಿತ್ರದಲ್ಲೇ ಇದ್ದವು. ಹಳೆಯ ಪುಸ್ತಕದ ಚಿತ್ರ ಅವರ ನೆನಪಿನಲ್ಲಿತ್ತು; ಇದೂ ಅದೇನಾ ಎಂದು ಕೇಳಿದರು. ಅವಳು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದಳು. ಅದೇ ಮಸೂರ, ಅದೇ ಬಾಣ, ಬಾಣದ ಕೆಳಗೆ ಅದೇ ಮೂವತ್ತು.

"ಅದೇ ರೀ, ಏನೂ ಬದಲಾಗಿಲ್ಲ," ಎಂದಳು.

ಎಫ್ ಅನ್ನುವ ಚುಕ್ಕಿಯ ಪಕ್ಕದಲ್ಲಿ ಹತ್ತು ಹೋಗಿ ಇಪ್ಪತ್ತಾಗಿತ್ತು. ಅದೂ ಕಣ್ಣಿಗೆ ಬಿದ್ದಿತ್ತು. ಆದರೆ ಅಷ್ಟು ಸಣ್ಣ ಅಂಕಿಯಲ್ಲಿ ಅಂಥಾದ್ದೇನಿದೆ ಅನಿಸಿ ಸುಮ್ಮನಾಗಿದ್ದಳು.

ಅವತ್ತು ಮುಖ್ಯೋಪಾಧ್ಯಾಯಿನಿ ತರಗತಿಯ ಹಿಂದೆ ಬಂದು ಕೂತಿದ್ದರು. ಮೇಷ್ಟ್ರು ಎಫ್ ಅನ್ನು ಮಸೂರದಿಂದ ಹತ್ತು ಸೆಂಟಿಮೀಟರಿಗೆ ಗುರುತು ಹಾಕಿ, ಎರಡು ಕಿರಣ ಎಳೆದು, ಅವು ಕೂಡಿದ ಜಾಗ ತೋರಿಸಿದರು: ಹದಿನೈದು ಸೆಂಟಿಮೀಟರು, ವಸ್ತುವಿನ ಅರ್ಧದಷ್ಟು ಎತ್ತರ. ಮಕ್ಕಳೆಲ್ಲ ಅರವತ್ತು ಎಂದರು. ಮೇಷ್ಟ್ರು ಹಟಕ್ಕೆ ಬಿದ್ದರು. ಕೊನೆಗೆ ಒಬ್ಬಳು ಪುಸ್ತಕ ತಂದು ಮುಂದೆ ಹಿಡಿದಳು. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡರು. ಯಾರೂ ನಗಲಿಲ್ಲ.

ಸಂಜೆ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದರು. ನೋಯದ ಹಾಗೆ ಮಾತಾಡಿದರು, ಪಾಪ. ನಾಳೆಯಿಂದ ಮೇಷ್ಟ್ರು ಬರಬೇಕಾಗಿಲ್ಲ ಎನ್ನುವುದು ಮಾತಿನ ತಾತ್ಪರ್ಯ.

ಅವರು ಹೋದ ಮೇಲೆ ಹೆಂಡತಿ ಮೇಷ್ಟ್ರ ಮುಂದೆ ಬಂದು ನಿಂತಳು.

"ಇಪ್ಪತ್ತು ಅಂತ ಇದ್ದದ್ದು ನಾನು ನೋಡಿದ್ದೆ. ಹೇಳಲಿಲ್ಲ."

"ನಿನಗೆ ಹೇಗೆ ಗೊತ್ತಾಗ್ಬೇಕು? ಇಷ್ಟು ವರ್ಷ ಜೊತೆಗಿದ್ದೂ ಎಫ್ ಅಂದ್ರೇನು ಅಂತ ನಾನು ಹೇಳ್ಕೊಟ್ಟಿದ್ನಾ?"

ಹಾಗೆಂದು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. ಎಫ್ ಅಂದರೆ ಮಸೂರದ ಸಂಗಮಬಿಂದು; ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಮಸೂರ ದಾಟಿ ಬಾಗಿ ಅದರ ಮೂಲಕ ಹೋಗುತ್ತೆ, ಎಫ್ ಸರಿದರೆ ಪ್ರತಿಬಿಂಬವೂ ಸರಿಯುತ್ತೆ. ಚಿತ್ರ ಕಾಣದವನಿಗೆ ಮಸೂರ ಯಾವುದು, ವಸ್ತು ಯಾವ ಕಡೆ, ಎಷ್ಟು ದೂರ, ಎಷ್ಟು ಎತ್ತರ, ಎಫ್ ಎಷ್ಟು ದೂರ, ಇಷ್ಟೂ ಹೇಳಬೇಕು. ಬಣ್ಣ, ಬಾಣದ ಅಂದ ಬೇಡ.

ಅವಳು ಕಣ್ಣೊರೆಸಿಕೊಂಡು ಪುಸ್ತಕ ತೆರೆದಳು. "ಪೀನ ಮಸೂರ. ಎಡಗಡೆ ಮೂವತ್ತು ಸೆಂಟಿಮೀಟರ್ ದೂರದಲ್ಲಿ ವಸ್ತು, ಎತ್ತರ ಎರಡು. ಎಫ್ ಎರಡೂ ಕಡೆ ಇಪ್ಪತ್ತು."

"ಬಲಗಡೆ ಅರವತ್ತು," ಎಂದರು ಮೇಷ್ಟ್ರು ತಕ್ಷಣ. "ತಲೆಕೆಳಗು. ಎತ್ತರ ನಾಲ್ಕು."

ಉತ್ತರ ಸರಿಯಿತ್ತು. ಒಮ್ಮೆಯಾದರೂ ಬೈಯಲಿ ಎಂದು ಅವಳು ಕಾದಳು. ಅವರು ಮುಂದಿನ ಲೆಕ್ಕ ಓದು ಎಂದರು.