ಗಿಡ್ಡಿ ಅಳಿಸದೆ ಬಿಟ್ಟ ಮಾತು

ಸ್ಮಶಾನದಲ್ಲಿ ಗುಂಡಿ ಅರ್ಧ ತೋಡಿಯಾಗಿತ್ತು. ತೋಡುವವನು ಮತ್ತೆ ಗುದ್ದಲಿ ಎತ್ತುವಷ್ಟರಲ್ಲಿ ಉದ್ದಕ್ಕ ಎಂದು ಎಲ್ಲರೂ ಕರೆಯುವ ಎತ್ತರದ ಹೆಂಗಸು ಅಂಚಿಗೆ ಬಂದು ನಿಂತಳು.

"ಸಾಕು ನಿಲ್ಸಪ್ಪ. ಅವಳು ಇಲ್ಲಿ ಮಲಗಲ್ಲ."

ಅವನು ಸತ್ತವಳ ಮಗನ ಮುಖ ನೋಡಿದ. ಮಗ ಲಾರಿ ಮೆಕ್ಯಾನಿಕ್ಕು. ತಾಯಿ ಸತ್ತ ದಿನವೂ ಅವನ ಉಗುರಿನ ಕೆಳಗಿನ ಗ್ರೀಸು ಹೋಗಿರಲಿಲ್ಲ. ಅಪ್ಪನನ್ನು ಹೂತ ದಿನವೇ ಪಕ್ಕದ ಜಾಗ ಅಮ್ಮನಿಗೆಂದು ಹಿಡಿದಿಟ್ಟಿದ್ದೇವೆ, ಮಧ್ಯಾಹ್ನಕ್ಕೆ ಹೆಣ ತರುತ್ತಾರೆ, ಈಗ ಇದ್ಯಾವ ಹೊಸ ರಾಗ ಎಂದು ಕೇಳಿದ.

"ರಾಗ ನನ್ನದಲ್ಲ, ನಿಮ್ಮಮ್ಮಂದು. ರಸ್ತೆ ಕಡೆ ಗೋಡೆ ಹತ್ರ, ಒಂಟಿಯಾಗಿ."

"ನಿಮಗ್ಯಾವಾಗ ಹೇಳಿದ್ರು? ನೀವು ನಮ್ಮನೆ ಹೊಸ್ತಿಲು ತುಳಿದು ಎಷ್ಟು ಕಾಲ ಆಯ್ತು?"

"ಹೊಸ್ತಿಲು ತುಳಿಯೋದು ಯಾಕೆ? ರಾತ್ರಿ ಹೊತ್ತು ಫೋನಲ್ಲಿ ಬರೀತಿದ್ಲು."

*

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ ಮಾಡಿದ ಜೋಡಿ ಅದು. ಒಬ್ಬಳು ಗಳದಷ್ಟು ಎತ್ತರ, ಅವಳು ಉದ್ದಕ್ಕ; ಈಗ ಸತ್ತವಳು ಗೇಣುದ್ದ, ಅವಳು ಗಿಡ್ಡಿ. ಹಾಸಿಗೆ ಹೊದಿಕೆಯ ಎರಡು ತುದಿ ಹಿಡಿದು, ಜಗ್ಗಿ, ಎದುರುಬದುರು ನಡೆದು ಬಂದು ಮಡಿಸುವಾಗ ಗಿಡ್ಡಿ ಕೈಯನ್ನು ತಲೆಯ ಮೇಲಕ್ಕೆತ್ತಬೇಕಿತ್ತು. ಮುಷ್ಕರದ ವರ್ಷ ಉದ್ದಕ್ಕ ಗೇಟಿನ ಹೊರಗೆ ಕೂತಳು. ಗಿಡ್ಡಿಯ ಗಂಡ ಹೆಂಡತಿಯ ರಟ್ಟೆ ಹಿಡಿದು ಒಳಗೆ ಬಿಟ್ಟು ಬಂದ; ಆ ಬೀದಿಯವಳ ಸಹವಾಸ ಇನ್ನು ಸಾಕು ಎಂದ. ಅಲ್ಲಿಗೆ ಮಾತು ಮುರಿದುಬಿತ್ತು.

ಗಿಡ್ಡಿಯ ಗಂಡ ಸತ್ತ ಮೇಲೆ ಒಂದು ನಡುರಾತ್ರಿ ಉದ್ದಕ್ಕನಿಗೆ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂತು.

"ಎಚ್ಚರ ಇದ್ದೀಯಾ?"

"ಯಾರು?"

"ಹೊದಿಕೆಯ ಆ ತುದಿ."

ಉದ್ದಕ್ಕನ ಕಣ್ಣು ಮಂಜಾಯಿತು. ಬೆರಳು ಮಾತ್ರ ಬಿಗುಮಾನ ಬಿಡಲಿಲ್ಲ. "ಇಷ್ಟು ವರ್ಷ ತುದಿ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬರೆದಳು.

ಪಾಳಿ ಬಿಟ್ಟರೂ ಇಬ್ಬರ ಮೈಯೂ ಪಾಳಿಯನ್ನು ಬಿಟ್ಟಿರಲಿಲ್ಲ. ಲೋಕ ಮಲಗಿದ ಮೇಲೆ ಇವರ ಮಾತು ಶುರು. ಮಗಳು ತನ್ನ ಫೋನು ನೋಡುತ್ತಾಳೆಂದು ಗಿಡ್ಡಿ ಒಂದು ಉಪಾಯ ಮಾಡಿದ್ದಳು: ಬರೆದದ್ದೆಲ್ಲ ವಾರ ತುಂಬಿದೊಡನೆ ಎರಡೂ ಫೋನಿನಿಂದ ತಾನಾಗಿ ಮಾಯವಾಗುತ್ತಿತ್ತು. ಹಾಗೆ ಮಾಯವಾಗುವುದು ಉದ್ದಕ್ಕನಿಗೆ ಸಹಿಸುತ್ತಿರಲಿಲ್ಲ. ಇಷ್ಟವಾದ ಮಾತನ್ನು ಬೆರಳಿನಿಂದ ಒತ್ತಿ ಹಿಡಿದು "ಉಳಿಸು" ಅಂದರೆ ಅದು ಮಾಯವಾಗದು, ಪಕ್ಕದಲ್ಲಿ ಸಣ್ಣ ಪಟ್ಟಿಯ ಗುರುತು ಬೀಳುತ್ತದೆ. ಆದರೆ ಉಳಿಸಿದ್ದು ಬರೆದವಳಿಗೆ ತಿಳಿಯುತ್ತದೆ, ಬೇಡವೆಂದರೆ ಅವಳು ಅದನ್ನು ರದ್ದು ಮಾಡಬಹುದು. ಆಮೇಲೆ ಯಾರೂ ಉಳಿಸಲಾಗದು. ಗಿಡ್ಡಿ ಪ್ರತಿ ಸಲವೂ ರದ್ದು ಮಾಡುತ್ತಿದ್ದಳು. "ನನ್ನ ಹುಚ್ಚುಮಾತು ಕೂಡಿಟ್ಟು ಏನು ಉಪ್ಪಿನಕಾಯಿ ಹಾಕ್ತೀಯಾ?" ಎಂದು ಬೈಯುತ್ತಿದ್ದಳು.

ಆಸ್ಪತ್ರೆ ಸೇರುವ ಹಿಂದಿನ ರಾತ್ರಿ ಅವಳು ಬರೆದಳು: "ಹೆದರಿಕೆ ಸಾಯೋದಕ್ಕಲ್ಲ. ಅವರ ಪಕ್ಕ ಮಲಗಿಸ್ತಾರಲ್ಲ, ಅದಕ್ಕೆ. ದೀಪ ಆರಿಸು ಅಂದಾಗೆಲ್ಲ ಆರಿಸಿದೀನಿ, ಬಾಯಿ ಮುಚ್ಚು ಅಂದಾಗೆಲ್ಲ ಮುಚ್ಚಿದೀನಿ. ಮಣ್ಣಲ್ಲೂ ಅದೇ ಆಗಬಾರದು. ರಸ್ತೆ ಕಡೆ ಗೋಡೆ ಹತ್ರ ಒಂಟಿಯಾಗಿ ಇಡಿ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಉದ್ದಕ್ಕ ಅದನ್ನು ಒತ್ತಿ ಉಳಿಸಿದಳು. ಈಗ ರದ್ದಾಗುತ್ತದೆ, ಇನ್ನೇನು ರದ್ದಾಗುತ್ತದೆ ಎಂದು ಕಾದಳು. ಗಿಡ್ಡಿ ಏನೋ ಬರೆಯುತ್ತಿರುವುದು ಕಂಡಿತು, ನಿಂತಿತು, ಮತ್ತೆ ಕಂಡಿತು.

"ಅದು ಇರಲಿ."

ಆ ಎರಡು ಪದ ವಾರ ಕಳೆದು ಮಾಯವಾದವು. ಆಮೇಲೆ ಉದ್ದಕ್ಕ ಕಳಿಸಿದ ಯಾವುದಕ್ಕೂ ಓದಿದ್ದಾಳೆಂಬ ನೀಲಿ ಗುರುತು ಬೀಳಲಿಲ್ಲ.

*

ಉದ್ದಕ್ಕನ ಫೋನಿನಲ್ಲಿ ಉಳಿದಿದ್ದ ಆ ಮಾತನ್ನು ಮಗ ಓದಿ, ಫೋನು ಹಿಂದಿರುಗಿಸಿದ. ಅಮ್ಮ ಭಯದಲ್ಲಿ ಏನೋ ಗೀಚಿರಬೇಕು, ಅಥವಾ ಬೇರೆ ಯಾರಾದರೂ ಬರೆದಿರಬೇಕು, ಇದನ್ನು ನಂಬಿ ಅಪ್ಪನ ಪಕ್ಕದಿಂದ ಬಿಡಿಸಲೇ ಎಂದ.

"ಭಯಕ್ಕೆ ಬರೆದಿದ್ರೆ ಆಗಲೇ ತೆಗೀತಿದ್ಲು. ನಾನು ಉಳಿಸಿದ್ದನ್ನೆಲ್ಲ ತೆಗೆದವಳು ಇದೊಂದನ್ನ ಮುಟ್ಟಲಿಲ್ಲ," ಎಂದಳು ಉದ್ದಕ್ಕ.

"ನಿಮ್ಮ ಮಾತು ನಂಬೋದು ಹೇಗೆ?"

ಅಷ್ಟು ಹೊತ್ತು ಮರದಡಿ ನಿಂತಿದ್ದ ಮಗಳು ಹತ್ತಿರ ಬಂದಳು. ಕೈಯಲ್ಲಿ ತಾಯಿಯ ಫೋನಿತ್ತು.

"ಇದರಲ್ಲೂ ಇದೆ ಅಣ್ಣ. ಉಳಿಸಿದ್ದು ಎರಡು ಕಡೆಗೂ ಉಳಿಯುತ್ತೆ. ಆಸ್ಪತ್ರೇಲಿ ಫೋನು ನನ್ನ ಹತ್ರಾನೇ ಇತ್ತಲ್ಲ. ಸೇರಿಸಿದ ದಿನಾನೇ ನೋಡಿದ್ದೆ. ನೋಡಿ, ಮತ್ತೆ ತೆರೀದೆ ಬಾಯಿ ಮುಚ್ಕೊಂಡಿದ್ದೆ."

"ಯಾಕೆ?"

"ಅಮ್ಮನ ಮಗಳಲ್ವಾ."

ಅವನು ಅಪ್ಪನ ಕಲ್ಲಿನ ಕಡೆ ನೋಡಿದ. ಜನ ಏನಂತಾರೆ ಅಂದ, ದನಿ ಇಳಿದಿತ್ತು.

"ಜನ ಅಂದ್ರೆ ಯಾರಪ್ಪ? ಇಲ್ಲಿರೋರು ಯಾರೂ ಏಳಲ್ಲ," ಎಂದಳು ಉದ್ದಕ್ಕ. "ಹೊರಗಿನೋರು ಅಂದ್ರೆ ನನ್ನ ಕಡೆ ಕಳಿಸು. ಗೇಟಲ್ಲಿ ಕೂತು ಅಭ್ಯಾಸ ಇದೆ."

ತೋಡುವವನು ಗುಂಡಿಯೊಳಗಿಂದಲೇ ಕೇಳಿದ: "ಈಗ ಇದನ್ನೇನು ಮಾಡ್ಲಿ ಸಾರ್?"

ಮಗ ರಸ್ತೆ ಕಡೆಯ ಗೋಡೆಯತ್ತ ತಿರುಗಿದ. ಗೋಡೆಯಾಚೆ ಲಾರಿಯೊಂದು ಗೇರು ಬದಲಾಯಿಸಿ ಏರು ಹತ್ತಿತು.

"ಮುಚ್ಚು. ಆಮೇಲೆ ಅಲ್ಲಿ ತೋಡು."

ತೋಡುವವನು ಮೇಲೆ ಹತ್ತಿ ಬಂದು ಮಣ್ಣು ಎಳೆಯತೊಡಗಿದ. ಗುಂಡಿ ತುಂಬಿತು. ಕೈಗೆ ರೂಢಿಯಾದ ಕೆಲಸ. ಗುದ್ದಲಿಯ ಬೆನ್ನಿನಿಂದ ತಟ್ಟಿ ತಟ್ಟಿ, ಯಾರೂ ಮಲಗಿರದ ನೆಲದ ಮೇಲೆ ನೀಟಾಗಿ ಒಂದು ದಿಬ್ಬ ಮಾಡಿಬಿಟ್ಟ. ಆಮೇಲೆ ಅವನಿಗೇ ನಗು ಬಂತು. ಅದರ ಮೇಲೆ ಹತ್ತಿ, ಆ ತುದಿಯಿಂದ ಈ ತುದಿಗೆ ನಡೆದಾಡಿ, ತುಳಿದು ಸಮ ಮಾಡಿದ.