ಒಂದು ಗ್ರಾಂ ಅಂದರೆ ಹತ್ತು ಆಂಪೂಲ್

ಗಂಡಸರ ವಾರ್ಡಿನ ಉಸ್ತುವಾರಿ ಸಿಸ್ಟರನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ವಿಭಾಗದವರು ಕಳಿಸಿದ್ದ ನಲವತ್ತು ಪುಟದ ಟಿಪ್ಪಣಿಯನ್ನು ಆಕೆ ಒಂದು ತಿಂಗಳು ರಜೆಯ ದಿನವೂ ಬಿಡದೆ ಓದಿದ್ದರು. "ಇದನ್ನ ಓದಿ ಮುಗಿಸೋ ಹೊತ್ತಿಗೆ ಪೇಶೆಂಟು ಗುಣ ಆಗಿ ಮನೆಗೆ ಹೋಗಿರ್ತಾನೆ" ಎಂದು ನಗಾಡುತ್ತಲೇ ಅಂಗೈಯಗಲದ ಕಾರ್ಡೊಂದನ್ನು ಮಾಡಿದರು. ಯಾವ ಇಂಜೆಕ್ಷನ್ನನ್ನು ಯಾವ ದ್ರವದಲ್ಲಿ ಬೆರೆಸಬೇಕು, ಎಷ್ಟು ನಿಮಿಷದಲ್ಲಿ ಹರಿಸಬೇಕು, ಪೊಟ್ಯಾಸಿಯಂ ಅನ್ನು ಯಾಕೆ ಯಾವತ್ತೂ ನೇರವಾಗಿ ರಕ್ತನಾಳಕ್ಕೆ ಚುಚ್ಚಬಾರದು, ಎಲ್ಲವೂ ಅದರಲ್ಲಿತ್ತು. ಫಾರ್ಮಸಿಸ್ಟ್ ಒಮ್ಮೆ ಕಣ್ಣಾಡಿಸಿ ಸಹಿ ಹಾಕಿದ. ಪ್ಲಾಸ್ಟಿಕ್ ಹೊದಿಸಿಕೊಂಡ ಕಾರ್ಡು ಪ್ರತಿ ಟ್ರಾಲಿಯಲ್ಲೂ ನೇತಾಡಿತು. ಹೊಸ ಹುಡುಗಿಯರಿಗಂತೂ ಹೋದ ಜೀವ ಬಂದಂತಾಯಿತು.

ಫಿಟ್ಸ್ ತಡೆಯುವ ಫೆನಿಟಾಯಿನ್ ಬಗ್ಗೆ ಟಿಪ್ಪಣಿಯಲ್ಲಿ 'ಮಿಲಿಲೀಟರಿಗೆ ಐವತ್ತು ಮಿಲಿಗ್ರಾಂ' ಎಂದಿತ್ತು. ಅವಸರದಲ್ಲಿ ಲೆಕ್ಕ ಹಾಕುವಾಗ ಹುಡುಗಿಯರು ಸೊನ್ನೆ ತಪ್ಪಿಸುವುದನ್ನು ದೊಡ್ಡಕ್ಕ ಕಂಡವರು. ಆಸ್ಪತ್ರೆಗೆ ಬರುತ್ತಿದ್ದದ್ದು ಎರಡು ಮಿಲಿಯ, ನೂರು ಮಿಲಿಗ್ರಾಮಿನ ಆಂಪೂಲು, ಅಂದರೆ ಕತ್ತು ಮುರಿದು ಬಳಸುವ ಗಾಜಿನ ಪುಟ್ಟ ಸೀಸೆ. ಹಾಗಾಗಿ ಸುಲಭವಾಗಲೆಂದು ಬರೆದರು: 'ಒಂದು ಗ್ರಾಂ = ಹತ್ತು ಆಂಪೂಲ್. ನೂರು ಮಿಲಿ ನಾರ್ಮಲ್ ಸಲೈನಿನಲ್ಲಿ ಮಾತ್ರ, ಗ್ಲೂಕೋಸ್ ಬೇಡ, ಹರಳುಗಟ್ಟುತ್ತದೆ. ಅರ್ಧ ಗಂಟೆ. ಬಿಪಿ, ನಾಡಿ ನೋಡುತ್ತಿರಿ.'

ಒಂದು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು.

ಆ ದಿನ ಮಧ್ಯಾಹ್ನ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬನನ್ನು ಕರೆತಂದರು. ವಯಸ್ಸು ಮೂವತ್ತೈದಿರಬಹುದು. ಮಾತ್ರೆ ನಿಲ್ಲಿಸಿ ವಾರವಾಗಿ, ಫಿಟ್ಸ್ ಮೇಲೆ ಫಿಟ್ಸ್ ಬಂದಿತ್ತು. ಡಾಕ್ಟರು ಮೊದಲ ಇಂಜೆಕ್ಷನ್ ಕೊಟ್ಟು ಅದನ್ನು ನಿಲ್ಲಿಸಿ, ಮತ್ತೆ ಬಾರದಿರಲೆಂದು ಫೆನಿಟಾಯಿನ್ ಒಂದು ಗ್ರಾಂ ಬರೆದು ಪಕ್ಕದ ವಾರ್ಡಿಗೆ ಓಡಿದರು. ಅದನ್ನು ಬೆರೆಸಲು ನಿಂತವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ನರ್ಸ್. ಸಣ್ಣಗಿದ್ದದ್ದರಿಂದ ಎಲ್ಲರ ಬಾಯಲ್ಲಿ ಗುಬ್ಬಿ.

ದೊಡ್ಡಕ್ಕ ಡ್ಯೂಟಿ ಪಟ್ಟಿಯ ವಿಷಯವಾಗಿ ಫೋನಿನಲ್ಲಿ ಜಗಳವಾಡುತ್ತಿದ್ದರು. ಗುಬ್ಬಿ ಬಂದು ನಿಂತಳು.

"ಅಕ್ಕಾ, ಹತ್ತು ಆಂಪೂಲ್ ಹಾಕಿದ್ರೆ ಬಾಟಲಿ ಕಂಠದವರೆಗೂ ಬರುತ್ತೆ. ಸರೀನಾ?"

"ಕಾರ್ಡ್ ನೋಡಮ್ಮ, ಅದಕ್ಕೇ ಅಲ್ವಾ ಮಾಡಿಟ್ಟಿರೋದು!" ಎಂದರು ದೊಡ್ಡಕ್ಕ, ತಿರುಗಿಯೂ ನೋಡದೆ.

ಹತ್ತು ನಿಮಿಷದಲ್ಲಿ ಬಿಪಿ ಕುಸಿಯಿತು. ಗುಬ್ಬಿ ಕೂಗಿ ಡ್ರಿಪ್ ನಿಲ್ಲಿಸುವಷ್ಟರಲ್ಲಿ ನಾಡಿ ಮೂವತ್ತಕ್ಕೆ ಇಳಿದಿತ್ತು, ಆಮೇಲೆ ಅದೂ ಇಲ್ಲ. ಡಾಕ್ಟರು, ದೊಡ್ಡಕ್ಕ, ಗುಬ್ಬಿ ಸರದಿಯಂತೆ ಎದೆ ಒತ್ತಿದರು. ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರು ಕೈ ಬಿಟ್ಟರು. ಹೊರಗೆ ಬೆಂಚಿನ ಮೇಲೆ ಗಂಡನ ಚಪ್ಪಲಿ ಹಿಡಿದುಕೊಂಡು ಕೂತಿದ್ದ ಹೆಂಡತಿಗೆ ಸುದ್ದಿ ಹೇಳಿದ್ದು ದೊಡ್ಡಕ್ಕನೇ. "ಫಿಟ್ಸು ನಿಂತಿದೆ ಅಂದ್ರಲ್ಲ ಈಗ ತಾನೇ?" ಎಂದಳು ಆಕೆ.

ದೊಡ್ಡಕ್ಕ ಟ್ರೇ ನೋಡಿದರು. ಖಾಲಿ ಆಂಪೂಲುಗಳು ಎಂದಿಗಿಂತ ಎತ್ತರವಾಗಿದ್ದವು. ಒಂದನ್ನು ಬೆಳಕಿಗೆ ಹಿಡಿದರು: ಐದು ಮಿಲಿ, ಇನ್ನೂರೈವತ್ತು ಮಿಲಿಗ್ರಾಂ. ಹಳೆಯದು ಸಿಗದೆ ಆ ವಾರವಷ್ಟೇ ಬೇರೆ ಕಂಪನಿಯ ಮಾಲು ಬಂದಿತ್ತು. ಒಂದು ಗ್ರಾಮಿಗೆ ನಾಲ್ಕು ಸಾಕಿತ್ತು. ತೂಗುಹಾಕಿದ್ದು ಅದರ ಎರಡೂವರೆಪಟ್ಟು ತುಂಬಿದ ಬಾಟಲಿ; ಪ್ರತಿ ನಿಮಿಷವೂ ಹೃದಯ ತಡೆಯಲಾರದಷ್ಟು ಔಷಧಿ ರಕ್ತಕ್ಕೆ ಇಳಿದಿತ್ತು. 

ವಿಚಾರಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. "ಮಿಲಿಗ್ರಾಂ ಬಿಟ್ಟು ಆಂಪೂಲ್ ಲೆಕ್ಕ ಬರೆದಿದ್ದು ನಾನು. ಅವಳು ಬಂದು ಕೇಳಿದ್ಲು. ನಾನು ನೋಡಲಿಲ್ಲ. ತಪ್ಪು ನಂದು ಸಾರ್."

ಸೂಪರಿಂಟೆಂಡೆಂಟ್ ಪೆನ್ನಿನ ಮುಚ್ಚಳ ಹಾಕಿದರು. "ಲೇಬಲ್ ಓದೋದು ಕೊಡೋರ ಜವಾಬ್ದಾರಿ. ನೀವು ಹೀಗೆಲ್ಲ ಹೇಳಿದ್ರೆ ಆಸ್ಪತ್ರೆಯೇ ಕಟಕಟೆ ಹತ್ತಬೇಕಾಗುತ್ತೆ. ಇದನ್ನ ಬರ್ಕೊಳ್ಳಲ್ಲ."

ಫಾರ್ಮಸಿಸ್ಟ್ ನೆಲ ನೋಡುತ್ತ ಕೂತಿದ್ದ. ಗುಬ್ಬಿಯನ್ನು ಕೆಲಸದಿಂದ ತೆಗೆದರು. ಕಾರ್ಡುಗಳನ್ನೆಲ್ಲ ಕಿತ್ತು ಒಯ್ದರು. ತಿದ್ದಿ ಕೊಡುತ್ತೇನೆಂದು ದೊಡ್ಡಕ್ಕ ಮೂರು ಸಲ ಅರ್ಜಿ ಕೊಟ್ಟರು, ಯಾರೂ ಉತ್ತರಿಸಲಿಲ್ಲ.

ಗುಬ್ಬಿ ಊರಿಗೆ ಹೊರಟ ದಿನ ದೊಡ್ಡಕ್ಕ ನರ್ಸುಗಳ ಹಾಸ್ಟೆಲಿಗೆ ಹೋದಾಗ ಅವಳು ಸಮವಸ್ತ್ರ ಮಡಿಸುತ್ತಿದ್ದಳು. ಅವಳ ತಾಯಿ ದೊಡ್ಡಕ್ಕನಿಗೆ ಕುರ್ಚಿ ಸರಿಸಿ ಗೋಡೆಯತ್ತ ಮುಖ ಮಾಡಿ ನಿಂತರು.

"ಎಲ್ಲಾ ಹೇಳಿದೆ ಕಣಮ್ಮ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಗೊತ್ತು ಅಕ್ಕಾ." ಗುಬ್ಬಿ ತಲೆ ಎತ್ತಲಿಲ್ಲ. "ಆದ್ರೆ ಅವತ್ತು ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತು."

ಎರಡು ಗಂಟೆಗೆ ದೊಡ್ಡಕ್ಕನ ಡ್ಯೂಟಿಯಿತ್ತು. ಹೋದರು. ಟ್ರಾಲಿಯ ಮುಂದೆ ಇನ್ನೊಬ್ಬ ಹೊಸ ನರ್ಸ್ ಕೈಯಲ್ಲಿ ಔಷಧಿ ಹಿಡಿದು, ಇದನ್ನು ಯಾವುದರಲ್ಲಿ ಬೆರೆಸುವುದೆಂದು ಪಕ್ಕದವಳನ್ನು ಕೇಳುತ್ತಿದ್ದಳು. ಪಕ್ಕದವಳಿಗೂ ಗೊತ್ತಿರಲಿಲ್ಲ.